ಗ್ಯಾಸ್ ತುಂಬಿಸಿದ ಮೇಲೂ ಹಾಲು ಒಡೆಯುತ್ತಿದ್ದ ಫ್ರಿಜ್: ಒಂದು ಪ್ರಕರಣ

"ಏನಪ್ಪಾ, ನಮ್ಮ ಫ್ರಿಜ್ ಕೆಟ್ಟು ಹೋಗಿದೆ. ಹಾಲೆಲ್ಲ ಒಡೆಯುತ್ತಿದೆ. ಯಾವಾಗ ಬರುತ್ತೀರಿ?"

ಮಳೆಗಾಲದ ನಡುವೆ ಶಿವಮೊಗ್ಗದ ನಮ್ಮ ರಿಪೇರಿ ಅಂಗಡಿಗೆ ಬಂದ ಧ್ವನಿ ಸಂದೇಶ ಇಷ್ಟೇ. ಕಳಿಸಿದವರು ತೀರ್ಥಹಳ್ಳಿಯಿಂದಲೂ ಒಳಗಿರುವ ಒಂದು ಅಡಿಕೆ ತೋಟದ ಮನೆಯ ಹಿರಿಯರು. ತೀರ್ಥಹಳ್ಳಿಗೇ ನಮ್ಮಿಂದ ಅರವತ್ತು ಕಿಲೋಮೀಟರ್. ಅಲ್ಲಿಂದ ಮುಂದಿನ ದಾರಿ ಮಳೆ ಹೇಳಿದಂತೆ. ಬೇಕಾದ ಸಾಮಾನು ಚೀಲದಲ್ಲಿ ಇಲ್ಲದೆ ಅಲ್ಲಿಗೆ ಹೋದರೆ, ಫ್ರಿಜ್ಜಿನ ಬೆನ್ನು ನೋಡಿ ಕಾಫಿ ಕುಡಿದು ವಾಪಸು ಬರಬೇಕಾಗುತ್ತದೆ. ಆದ್ದರಿಂದ ಅಂಥ ಊರುಗಳ ಕೆಲಸದ ಅರ್ಧ ಭಾಗ ಫೋನಿನಲ್ಲೇ ಮುಗಿಯಬೇಕು.

ಈ ಸಂದೇಶದಲ್ಲಿ ಫ್ರಿಜ್ ಯಾವುದು ಎಂದಿಲ್ಲ. ಅದು ಏನು ಮಾಡುತ್ತಿದೆ ಎಂದೂ ಇಲ್ಲ. ಇಲ್ಲಿಯವರೆಗೆ ಅದಕ್ಕೆ ಯಾರು ಏನೇನು ಮಾಡಿದ್ದಾರೆ ಎಂಬುದಂತೂ ಇಲ್ಲವೇ ಇಲ್ಲ. ಹಾಲು ಒಡೆಯುವುದು ಫ್ರಿಜ್ಜಿನ ಲಕ್ಷಣವಲ್ಲ, ಅದರ ಪರಿಣಾಮ. ಕಂಪ್ರೆಸರ್ ಸತ್ತರೂ ಹಾಲು ಒಡೆಯುತ್ತದೆ, ಗ್ಯಾಸ್ ಸೋರಿದರೂ ಒಡೆಯುತ್ತದೆ, ಬಾಗಿಲಿನ ರಬ್ಬರು ಸಡಿಲವಾದರೂ ಒಡೆಯುತ್ತದೆ. ಹಳ್ಳಿಯ ಕಡೆ ರಾತ್ರಿಯಿಡೀ ಕರೆಂಟು ಹೋಗಿದ್ದರೆ ಚೆನ್ನಾಗಿರುವ ಫ್ರಿಜ್ಜಿನಲ್ಲೂ ಒಡೆಯುತ್ತದೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಸಾಮಾನು ಹೊರಬೇಕು. ಗ್ಯಾಸಿನ ಕೆಲಸಕ್ಕೆ ಸಿಲಿಂಡರು, ವ್ಯಾಕ್ಯೂಮ್ ಪಂಪು, ಬೆಸುಗೆಯ ಸರಂಜಾಮು ಬೇಕು. ಕರೆಂಟಿನ ಕೆಲಸಕ್ಕೆ ಮೀಟರು, ಸ್ಕ್ರೂಡ್ರೈವರು ಮತ್ತು ಅಂಗೈಯಲ್ಲಿ ಹಿಡಿಯುವಷ್ಟು ಬಿಡಿಭಾಗಗಳು ಸಾಕು.

ಮೊದಲು ಕೇಳಿದ್ದು ಮಾಡೆಲ್. ಆದರೆ "ಮಾಡೆಲ್ ಯಾವುದು ಅಮ್ಮ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕಂಪನಿಯ ಹೆಸರು ಸಿಗುತ್ತದೆ, ಬಣ್ಣ ಸಿಗುತ್ತದೆ, ಯಾರ ಮದುವೆಗೆ ಕೊಂಡದ್ದು ಎಂಬುದೂ ಸಿಗುತ್ತದೆ. ಹಾಗಾಗಿ ನಾನು ಕೇಳಿದ್ದು ಎರಡು ಫೋಟೋ. ಒಂದು, ಇಡೀ ಫ್ರಿಜ್ಜು ಕಾಣುವಂತೆ ಬಾಗಿಲು ಹಾಕಿ ತೆಗೆದದ್ದು. ಇನ್ನೊಂದು, ಕೆಳಗಿನ ಖಾನೆಯ ಒಳಗೋಡೆಯಲ್ಲಿ ತರಕಾರಿ ಡಬ್ಬದ ಆಸುಪಾಸು ಅಂಟಿಸಿರುವ ಚೀಟಿಯದ್ದು. ಅಲ್ಲಿ ಇಲ್ಲದಿದ್ದರೆ ಹಿಂಬದಿಯಲ್ಲಿ ಕಂಪ್ರೆಸರಿನ ಹತ್ತಿರ ನೋಡಲು ಹೇಳಿದೆ. ಮಾಡೆಲ್ ನಂಬರು, ಒಳಗಿರುವ ಗ್ಯಾಸಿನ ಹೆಸರು, ಅದು ಎಷ್ಟು ಗ್ರಾಂ ಎಂಬ ಲೆಕ್ಕ, ಎಳೆಯುವ ಕರೆಂಟು ಎಲ್ಲವೂ ಆ ಚೀಟಿಯಲ್ಲಿ ಇರುತ್ತವೆ. ಬಾಗಿಲ ಮೇಲಿನ ನಕ್ಷತ್ರದ ಚೀಟಿ ಕಿತ್ತು ಹೋಗಿರದಿದ್ದರೆ ಅದೂ ಒಳ್ಳೆಯದೇ. ಫ್ರಿಜ್ಜು ಡೈರೆಕ್ಟ್ ಕೂಲೋ ಫ್ರಾಸ್ಟ್ ಫ್ರೀಯೋ ಎಂದು ಅದರಲ್ಲಿ ಬರೆದಿರುತ್ತಾರೆ.

ನನಗೆ ಮೊದಲು ಬೇಕಾದದ್ದು ಈ ಕೊನೆಯ ವಿಷಯವೇ. ಒಂದೇ ಬಾಗಿಲಿನ ಡೈರೆಕ್ಟ್ ಕೂಲ್ ಫ್ರಿಜ್ಜಿನಲ್ಲಿ ಫ್ರೀಜರಿನ ಗೋಡೆಯೇ ತಣ್ಣಗಾಗುತ್ತದೆ, ಅದರ ಮೇಲೆ ಮಂಜುಗಡ್ಡೆ ಕಟ್ಟುವುದು ಸಹಜ, ಗುಂಡಿ ಒತ್ತಿ ನಾವೇ ಕರಗಿಸುತ್ತೇವೆ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ತಣ್ಣಗಾಗುವ ಕಾಯಿಲ್ ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿರುತ್ತದೆ. ಒಂದು ಚಿಕ್ಕ ಫ್ಯಾನು ಆ ಕಾಯಿಲಿನ ಮೂಲಕ ಗಾಳಿಯನ್ನು ಎಳೆದು ಹೆಚ್ಚಿನ ಪಾಲನ್ನು ಫ್ರೀಜರಿಗೂ ಉಳಿದದ್ದನ್ನು ಒಂದು ಕೊಳವೆಯ ಮೂಲಕ ಕೆಳಗಿನ ಖಾನೆಗೂ ಬಿಡುತ್ತದೆ. ಅಂದರೆ ಕೆಳಗಿನ ಖಾನೆಗೆ ತನ್ನದೆಂಬ ತಂಪೇ ಇಲ್ಲ, ಮೇಲಿನಿಂದ ಇಳಿದು ಬಂದದ್ದಷ್ಟೇ. ಕಾಯಿಲಿನ ಮೇಲೆ ಕೂರುವ ಮಂಜನ್ನು ಕರಗಿಸಲು ಅದರ ಬುಡದಲ್ಲೊಂದು ಹೀಟರ್ ಇರುತ್ತದೆ. ಕಂಪ್ರೆಸರ್ ಎಂಟು ಹತ್ತು ತಾಸು ಓಡಿದ ಮೇಲೆ ಟೈಮರು ಅದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಹೀಟರನ್ನು ಹೊತ್ತಿಸುತ್ತದೆ. ಕರಗಿದ ನೀರು ಕೊಳವೆಯಲ್ಲಿ ಇಳಿದು ಹಿಂದೆ ಕಂಪ್ರೆಸರಿನ ತಲೆಯ ಮೇಲಿರುವ ತಟ್ಟೆಗೆ ಬಿದ್ದು ಅಲ್ಲಿನ ಬಿಸಿಗೆ ಆರಿ ಹೋಗುತ್ತದೆ. ಡೈರೆಕ್ಟ್ ಕೂಲಿನಲ್ಲಿ ಈ ಫ್ಯಾನೂ ಇಲ್ಲ, ಈ ಹೀಟರೂ ಇಲ್ಲ. ಹಾಗಾಗಿ ಈ ಒಂದು ವಿಷಯ ತಿಳಿದರೆ ಸಂಶಯದ ಪಟ್ಟಿಯಲ್ಲಿ ಅರ್ಧ ಉಳಿಯುತ್ತದೆ, ಅರ್ಧ ಹೋಗುತ್ತದೆ.

ಫೋಟೋ ಬಂತು. ಎರಡು ಬಾಗಿಲು, ಫ್ರಾಸ್ಟ್ ಫ್ರೀ, ಇನ್ವರ್ಟರ್ ಅಲ್ಲದ ಹಳೆಯ ತರಹದ ಕಂಪ್ರೆಸರ್. ಗ್ಯಾಸು ಆರ್-600ಎ, 48 ಗ್ರಾಂ. ಇನ್ವರ್ಟರ್ ಅಲ್ಲ ಎಂಬುದು ಮುಖ್ಯ. ಇನ್ವರ್ಟರ್ ಮಾಡೆಲ್‌ಗಳಲ್ಲಿ ಟೈಮರಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಇರುತ್ತದೆ, ಶಾಖ ಅಳೆಯುವುದು ಸೆನ್ಸರು, ಹೀಟರನ್ನು ಬಲವಂತವಾಗಿ ಹೊತ್ತಿಸಿ ನೋಡುವ ಕ್ರಮವೂ ಒಂದೊಂದು ಮಾಡೆಲ್‌ಗೆ ಒಂದೊಂದು ಬಗೆ. ಇದರಲ್ಲಿ ಹಾಗಲ್ಲ, ಟೈಮರಿನ ತಿರುಗಣೆಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಸಾಕು.

ಈಗ ಲಕ್ಷಣ. "ತಣ್ಣಗೆ ಆಗುತ್ತಿದೆಯೇ?" ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ, "ಸ್ವಲ್ಪ ಆಗುತ್ತದೆ" ಎಂಬುದೇ ಅದಕ್ಕೆ ಉತ್ತರ. ಮೇಲಿನ ಖಾನೆಯ ಸ್ಥಿತಿ ಬೇರೆ, ಕೆಳಗಿನದು ಬೇರೆ ಎಂದು ಬಿಡಿಸಿ ಕೇಳಬೇಕು. ಮೇಲೆ ಐಸು ಆಗುತ್ತಿದೆ ಎಂದರು. ಅದೂ ಪೂರ್ತಿ ನಂಬಬಹುದಾದ ಮಾತಲ್ಲ, ಏಕೆಂದರೆ ನೀರು ಸೊನ್ನೆಗೇ ಗಟ್ಟಿಯಾಗುತ್ತದೆ, ಫ್ರೀಜರು ಇರಬೇಕಾದದ್ದು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಐದು ಡಿಗ್ರಿ ಕೆಳಗಿದ್ದರೂ ಐಸಿನ ತಟ್ಟೆಯಲ್ಲಿ ಐಸು ಇರುತ್ತದೆ, ಫ್ರಿಜ್ಜು ಮಾತ್ರ ಸೋಲುತ್ತಿರುತ್ತದೆ. ಐಸ್‌ಕ್ರೀಮು ಇದ್ದರೆ ಬೇಗ ಗೊತ್ತಾಗುತ್ತದೆ. ಚಮಚ ಸುಲಭವಾಗಿ ಇಳಿದರೆ ಫ್ರೀಜರು ಸಾಕಷ್ಟು ತಣ್ಣಗಿಲ್ಲ ಎಂದು ಅರ್ಥ. (ಜ್ವರ ನೋಡುವ ಥರ್ಮಾಮೀಟರನ್ನು ಫ್ರಿಜ್ಜಿನೊಳಗೆ ಇಟ್ಟು ಫೋಟೋ ಕಳಿಸುವವರಿದ್ದಾರೆ. ಅದು ಮನುಷ್ಯನ ಮೈ ಬಿಸಿಯ ಆಸುಪಾಸು ಮಾತ್ರ ಅಳೆಯುತ್ತದೆ, ಇಲ್ಲಿ ಉಪಯೋಗವಿಲ್ಲ.) ಮೊಮ್ಮಕ್ಕಳಿಗೆಂದು ತಂದಿಟ್ಟ ಡಬ್ಬಿ ಆ ಮನೆಯಲ್ಲಿತ್ತು. ಕಲ್ಲಿನಂತೆ ಇದೆ ಎಂದರು.

ಮೇಲೆ ಕಲ್ಲಿನಂಥ ಐಸ್‌ಕ್ರೀಮು, ಕೆಳಗೆ ಒಡೆಯುವ ಹಾಲು. ಈ ಜೋಡಿ ಸಿಕ್ಕಿದ ಮೇಲೆ ಕಂಪ್ರೆಸರಿನ ಮೇಲಿನ ಸಂಶಯ ಹೋಯಿತು, ಗ್ಯಾಸಿನ ಮೇಲಿನದೂ ಬಹುಪಾಲು ಹೋಯಿತು. ತಂಪು ಹುಟ್ಟುತ್ತಿದೆ, ಕೆಳಗೆ ಇಳಿಯುತ್ತಿಲ್ಲ. ಇಳಿಯದಿರಲು ಮೂರು ಕಾರಣ ಇರಬಹುದು: ಫ್ಯಾನು ತಿರುಗುತ್ತಿಲ್ಲ, ಕಾಯಿಲಿನ ಸಂದುಗಳೆಲ್ಲ ಮಂಜುಗಡ್ಡೆ ಕಟ್ಟಿ ಗಾಳಿಗೆ ದಾರಿ ಇಲ್ಲ, ಇಲ್ಲವೇ ಕೆಳಗೆ ಗಾಳಿ ಬಿಡುವ ತೂಬು ಮುಚ್ಚಿದೆ.

"ಅಮ್ಮ, ಮೇಲಿನ ಬಾಗಿಲು ತೆಗೆದು ಬಾಗಿಲ ಪಕ್ಕದ ಸಣ್ಣ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಒಳಗೆ ಗಾಳಿಯ ಸದ್ದು ಕೇಳುತ್ತದೆಯೇ?"

ಬಾಗಿಲು ತೆರೆದಾಗ ಫ್ಯಾನು ನಿಲ್ಲುತ್ತದೆ, ಆದ್ದರಿಂದ ಗುಂಡಿ ಒತ್ತಿ ಬಾಗಿಲು ಹಾಕಿದೆ ಎಂದು ಅದನ್ನು ನಂಬಿಸಬೇಕು. ಸದ್ದು ಇಲ್ಲ ಎಂದರು. ಅದರ ಬೆನ್ನಿಗೇ, ಕೇಳದೆಯೇ, ಇನ್ನೊಂದು ಮಾತು ಬಂತು: "ಮೊದಲು ಟರ್ ಟರ್ ಎಂದು ದೊಡ್ಡದಾಗಿ ಸದ್ದು ಬರುತ್ತಿತ್ತು. ಈಗ ಆ ತೊಂದರೆ ಏನೂ ಇಲ್ಲ, ತಾನಾಗಿಯೇ ಸರಿಹೋಯಿತು."

ಸರಿಹೋದದ್ದಲ್ಲ. ಬೆಳೆಯುತ್ತಿದ್ದ ಮಂಜುಗಡ್ಡೆಯ ಅಂಚಿಗೆ ಫ್ಯಾನಿನ ರೆಕ್ಕೆ ಉಜ್ಜುತ್ತಿದ್ದಾಗ ಬಂದ ಸದ್ದು ಅದು. ಮಂಜುಗಡ್ಡೆ ಇನ್ನಷ್ಟು ಬೆಳೆದು ರೆಕ್ಕೆಯನ್ನೇ ಕಚ್ಚಿ ಹಿಡಿದಾಗ ಸದ್ದು ನಿಂತಿತು. ಮನೆಯವರ ಪಾಲಿಗೆ ನಿಂತುಹೋದ ತೊಂದರೆ ತೊಂದರೆಯಲ್ಲ. ಹಾಗಾಗಿ ಮೊದಲ ಸಂದೇಶದಲ್ಲಿ ಅದಕ್ಕೆ ಜಾಗವಿರಲಿಲ್ಲ. "ಈಗ ಇಲ್ಲದ ಆದರೆ ಮೊದಲು ಇದ್ದ ಸದ್ದು, ವಾಸನೆ, ಸೋರಿಕೆ ಏನಾದರೂ ಇದೆಯೇ?" ಎಂದು ಈಗ ನಾನು ಎಲ್ಲರನ್ನೂ ಕೇಳುತ್ತೇನೆ.

ಹಿಂದಿನ ನೀರಿನ ತಟ್ಟೆಯನ್ನೂ ನೋಡಲು ಹೇಳಿದೆ. ಒಣಗಿದೆ, ಜೇಡ ಬಲೆ ಕಟ್ಟಿದೆ ಎಂದರು. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ತೆಗೆದಾಗಲೆಲ್ಲ ಹಸಿ ಗಾಳಿ ಒಳಗೆ ನುಗ್ಗುತ್ತದೆ, ತಟ್ಟೆಯಲ್ಲಿ ನೀರು ನಿಂತಿರಲೇಬೇಕು. ತಟ್ಟೆ ಒಣಗಿರಬೇಕಾದರೆ ಮಂಜು ಕರಗುತ್ತಲೇ ಇಲ್ಲ, ಅಥವಾ ಕರಗಿದ ನೀರಿನ ಕೊಳವೆ ಕಟ್ಟಿದೆ. ಕೊಳವೆ ಕಟ್ಟಿದ್ದರೆ ನೀರು ಫ್ರೀಜರಿನ ನೆಲದಲ್ಲಿ ಹಾಳೆಯಂತೆ ಗಟ್ಟಿಯಾಗಬೇಕು, ಇಲ್ಲವೇ ತರಕಾರಿ ಡಬ್ಬದ ಕೆಳಗೆ ನಿಲ್ಲಬೇಕು. ಎರಡೂ ಕಡೆ ಏನೂ ಇರಲಿಲ್ಲ. ಹಾಗಾದರೆ ಕರಗುತ್ತಿಲ್ಲ ಎಂಬುದೇ ಉಳಿಯಿತು.

ಮೂರನೆಯದು, ಈವರೆಗೆ ಏನು ಮಾಡಿದ್ದಾರೆ ಎಂಬುದು. ಮೂರರಲ್ಲಿ ಇದನ್ನು ಹೊರಗೆ ತೆಗೆಯುವುದೇ ಕಷ್ಟ. "ನೀವೇನಾದರೂ ಮಾಡಿದಿರಾ?" ಎಂದರೆ ಆರೋಪದಂತೆ ಕೇಳಿಸುತ್ತದೆ, "ಇಲ್ಲಪ್ಪಾ, ನಾವು ಏನೂ ಮುಟ್ಟಿಲ್ಲ" ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಬೇರೆ ಮೆಕ್ಯಾನಿಕ್ಕನ್ನು ಕರೆಸಿದ್ದನ್ನು ಹೇಳಲು ಇನ್ನೂ ಸಂಕೋಚ. ನನಗೆ ಬೇಜಾರಾಗುತ್ತದೆ ಎಂದೋ, ದುಡ್ಡು ಕಳೆದುಕೊಂಡದ್ದು ಗೊತ್ತಾಗುತ್ತದೆ ಎಂದೋ. ಆದ್ದರಿಂದ ನಾನು ದಿನಗಳ ಕಡೆಯಿಂದ ಕೇಳುತ್ತೇನೆ. ಕೊನೆಯ ಬಾರಿಗೆ ಹಾಲು ಚೆನ್ನಾಗಿ ನಿಂತದ್ದು ಯಾವಾಗ? ಅದಕ್ಕೆ ಮೊದಲು? ನಡುವೆ ಫ್ರಿಜ್ಜು ಎಷ್ಟು ಹೊತ್ತು ಬಂದ್ ಆಗಿತ್ತು?

ಅಮ್ಮ ತಡವರಿಸಿದರು, ಯಜಮಾನರು ಫೋನು ತೆಗೆದುಕೊಂಡರು. ಅವರು ಹಬ್ಬ, ಸಂತೆ, ಔಷಧಿ ಹೊಡೆಸಿದ ದಿನಗಳ ಲೆಕ್ಕದಲ್ಲಿ ಎಲ್ಲವನ್ನೂ ನೆನಪಿಟ್ಟಿದ್ದರು. ಮೊದಲ ಸಲ ಕೆಳಗೆ ತಂಪು ಕಡಿಮೆಯಾದಾಗ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ, ಒಂದು ರಾತ್ರಿ ಬಂದ್ ಮಾಡಿಟ್ಟು ಬೆಳಿಗ್ಗೆ ಹಾಕಿ ನೋಡಿ ಎಂದನಂತೆ. ಹಾಗೆ ಮಾಡಿದ ಮೇಲೆ ಎರಡು ಮೂರು ದಿನ ಚೆನ್ನಾಗಿ ನಡೆಯಿತು, ಮತ್ತೆ ಹಾಗೆಯೇ ಆಯಿತು. ಆಗ ಪೇಟೆಯಿಂದ ಒಬ್ಬರನ್ನು ಕರೆಸಿದರು. ಅವರು ಕೈಯಿಟ್ಟು ನೋಡಿ ಗ್ಯಾಸು ಖಾಲಿ ಎಂದರು, ಆ ದಿನ ಪೈಪು ತೆರೆದಿಟ್ಟು ಹೋಗಿ ಮರುದಿನ ಬಂದು ಗ್ಯಾಸು ತುಂಬಿಸಿದರು. ಅದಾದ ಮೇಲೆ ಸುಮಾರು ಎರಡು ವಾರ ಫ್ರಿಜ್ಜು ಹೊಸದರಂತೆ ನಡೆಯಿತು. ಹಾಗಾಗಿ ಮನೆಯವರ ತೀರ್ಮಾನ, "ಗ್ಯಾಸೇ ತೊಂದರೆ, ಮತ್ತೆ ಸೋರಿದೆ, ಬಂದು ಸರಿಯಾಗಿ ತುಂಬಿಸಿ ಕೊಡಿ."

ಇಡೀ ಪ್ರಕರಣ ತೆರೆದುಕೊಂಡದ್ದು ಇಲ್ಲೇ. ಎರಡು ಚಿಕಿತ್ಸೆಗಳು ಮೇಲ್ನೋಟಕ್ಕೆ ಬೇರೆ ಬೇರೆ. ಒಂದು ಸ್ವಿಚ್ ಆರಿಸಿದ್ದು, ಇನ್ನೊಂದು ದುಡ್ಡು ಕೊಟ್ಟು ಗ್ಯಾಸು ತುಂಬಿಸಿದ್ದು. ಆದರೆ ಫ್ರಿಜ್ಜಿನ ಕಡೆಯಿಂದ ನೋಡಿದರೆ ಎರಡರಲ್ಲೂ ಆದದ್ದು ಒಂದೇ: ಅದು ಬಂದ್ ಆಗಿತ್ತು. ಒಂದು ರಾತ್ರಿ ಬಾಗಿಲು ಮುಚ್ಚಿಟ್ಟು ಬಂದ್ ಮಾಡಿದಾಗ ಕಾಯಿಲಿನ ಮೇಲಿನ ಗಡ್ಡೆ ಅರೆಬರೆ ಕರಗಿತು, ಎರಡು ಮೂರು ದಿನ ಗಾಳಿ ಆಡಿತು. ಗ್ಯಾಸಿನ ಕೆಲಸಕ್ಕೆಂದು ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಬಾಗಿಲು ತೆರೆದೇ ಬಿದ್ದಿದ್ದಾಗ ಪೂರ್ತಿ ಕರಗಿತು, ಎರಡು ವಾರ ಸಿಕ್ಕಿತು. ಹೆಚ್ಚು ಹೊತ್ತು ಬಂದ್ ಇದ್ದಷ್ಟೂ ಹೆಚ್ಚು ದಿನ ನಡೆದಿದೆ. ಗ್ಯಾಸು ಸೋರುವ ಫ್ರಿಜ್ಜಿನಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಸ್ವಿಚ್ ಆರಿಸಿ ಹಾಕಿದ ಮಾತ್ರಕ್ಕೆ ಹೋದ ಗ್ಯಾಸು ಮೂರು ದಿನದ ಮಟ್ಟಿಗೆ ವಾಪಸು ಬರುವುದಿಲ್ಲ.

ಆ ಮೆಕ್ಯಾನಿಕ್ಕು ಮೋಸ ಮಾಡಿದರು ಎಂದು ನಾನು ಹೇಳಲಾರೆ. ಕೆಳಗಿನ ಖಾನೆಗೆ ಕೈಯಿಟ್ಟರೆ ಬೆಚ್ಚಗಿತ್ತು, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿತ್ತು; ಗ್ಯಾಸು ಕಡಿಮೆಯಾದ ಫ್ರಿಜ್ಜೂ ಹೀಗೆಯೇ ಕಾಣುತ್ತದೆ. ರಾತ್ರಿ ಬಂದ್ ಮಾಡಿದ ಕತೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಕೇಳಲೂ ಇಲ್ಲ. ಕೆಲಸದ ನಂತರ ಫ್ರಿಜ್ಜು ನಡೆದದ್ದರಿಂದ ತಮ್ಮ ಊಹೆ ಸರಿ ಎಂದೇ ಅವರು ಇಂದಿಗೂ ನಂಬಿರುತ್ತಾರೆ, ಮುಂದಿನ ಮನೆಯಲ್ಲೂ ಅದನ್ನೇ ಮಾಡುತ್ತಾರೆ. ನಮ್ಮ ಕಸುಬಿನಲ್ಲಿ ಗ್ಯಾಸು ತುಂಬಿಸುವ ರೋಗ ಹರಡಿರುವುದು ಬಹುಮಟ್ಟಿಗೆ ಹೀಗೆ ಎಂದು ನನ್ನ ಅನುಮಾನ.

ಇನ್ನೂ ಒಂದು ವಿಷಯ ಹೊರಬಂತು. ತಂಪು ಕಡಿಮೆಯಾದಾಗ ಫ್ರೀಜರಿನೊಳಗಿನ ತಿರುಗಣೆಯನ್ನು ಅತಿ ತಂಪಿನ ಕಡೆಗೆ ಪೂರ್ತಿ ತಿರುಗಿಸಿದ್ದಾರೆ. ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಇಂಥ ಮಾಡೆಲ್‌ಗಳಲ್ಲಿ ಆ ತಿರುಗಣೆ ಹೊಸ ತಂಪನ್ನು ತರುವುದಿಲ್ಲ, ಇರುವ ಗಾಳಿಯನ್ನು ಮೇಲಕ್ಕೂ ಕೆಳಕ್ಕೂ ಹಂಚುತ್ತದೆ. ಮೇಲೆ ಅತಿ ತಂಪು ಎಂದರೆ ಕೆಳಗಿನ ತೂಬನ್ನು ಕಿರಿದು ಮಾಡಿದಂತೆ. ಅಂದರೆ ಕೆಳಗಿನ ಹಾಲಿಗೆ ಬರುತ್ತಿದ್ದ ಸ್ವಲ್ಪ ಗಾಳಿಯನ್ನೂ ತಡೆದಿದ್ದರು. ನಡುವಿಗೆ ತಿರುಗಿಸಿಡಿ ಎಂದೆ.

ನಾನು ಹೋಗಲು ಇನ್ನೆರಡು ದಿನ ಇತ್ತು. ಅಷ್ಟರವರೆಗೆ ಬಂದ್ ಮಾಡಿ ಕರಗಿಸಿಕೊಳ್ಳಲೇ ಎಂದು ಅಮ್ಮ ಕೇಳಿದರು. ಹಾಲಿನ ದೃಷ್ಟಿಯಿಂದ ಅದು ಸರಿ. ಆದರೆ ಕರಗಿಸಿಬಿಟ್ಟರೆ ಗಡ್ಡೆ ಎಲ್ಲಿ, ಹೇಗೆ ಕಟ್ಟಿತ್ತು ಎಂದು ನಾನು ನೋಡುವಂತಿಲ್ಲ. ಗಡ್ಡೆ ಕಾಯಿಲಿನ ಉದ್ದಕ್ಕೂ ಒಂದೇ ಸಮ ಇದ್ದರೆ ಕರಗಿಸುವ ವ್ಯವಸ್ಥೆ ಕೆಟ್ಟಿದೆ. ಶುರುವಿನ ಒಂದೆರಡು ಸುತ್ತಿನಲ್ಲಿ ಮಾತ್ರ ಇದ್ದು ಉಳಿದದ್ದು ಬರಿದಾಗಿದ್ದರೆ ಗ್ಯಾಸು ನಿಜವಾಗಿಯೂ ಕಡಿಮೆ. ಫೋನಿನಲ್ಲಿ ಎಷ್ಟು ಕೇಳಿದರೂ ಈ ಸಾಕ್ಷಿಗೆ ಸಮವಿಲ್ಲ. ಹಾಲನ್ನು ಪಕ್ಕದ ಮನೆಯಲ್ಲಿಡಿ, ಫ್ರಿಜ್ಜನ್ನು ಓಡಲು ಬಿಡಿ, ಚಾಕುವಿನಿಂದ ಎಲ್ಲೂ ಕೆರೆಯಬೇಡಿ ಎಂದು ಹೇಳಿದೆ. ಚಾಕುವಿನ ಮಾತನ್ನು ನಾನು ಯಾವಾಗಲೂ ಹೇಳುತ್ತೇನೆ. ಕಾಯಿಲ್ ಅಲ್ಯೂಮಿನಿಯಂನದು, ಒಂದು ತೂತು ಬಿದ್ದರೆ ಅಲ್ಲಿಯವರೆಗೆ ಇಲ್ಲದಿದ್ದ ಗ್ಯಾಸಿನ ಸೋರಿಕೆ ಆ ಕ್ಷಣದಿಂದ ಶುರು. ಅದರ ಮೇಲೆ ಆರ್-600ಎ ಬೆಂಕಿ ಹಿಡಿಯುವ ಗ್ಯಾಸು.

ಫೋನಿನಲ್ಲಿ ಇಷ್ಟರವರೆಗೆ ಬರಬಹುದು, ಇದಕ್ಕಿಂತ ಮುಂದೆ ಆಗದು. ಕರಗಿಸುವ ವ್ಯವಸ್ಥೆಯಲ್ಲಿ ನಾಲ್ಕು ಅಂಗ: ಹೊತ್ತು ನೋಡುವ ಟೈಮರು, ಬಿಸಿ ಮಾಡುವ ಹೀಟರು, ಸಾಕಷ್ಟು ಬಿಸಿಯಾದಾಗ ಹೀಟರನ್ನು ನಿಲ್ಲಿಸುವ ಬೈಮೆಟಲ್, ಅದೂ ಕೈಕೊಟ್ಟರೆ ತಾನು ಸುಟ್ಟುಕೊಂಡು ಲೈನು ಕತ್ತರಿಸುವ ಥರ್ಮಲ್ ಫ್ಯೂಸು. ನಾಲ್ಕರಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ. ಯಾವುದು ಎಂದು ಮೀಟರೇ ಹೇಳಬೇಕು. ಆದ್ದರಿಂದ ನಾಲ್ಕನ್ನೂ ಒಯ್ಯಬೇಕು, ಅದೂ ಆ ಮಾಡೆಲಿಗೆ ಹೊಂದುವಂಥದ್ದೇ. ಬೈಮೆಟಲ್ ಮತ್ತು ಫ್ಯೂಸು ಅನೇಕ ಮಾಡೆಲ್‌ಗಳಲ್ಲಿ ಒಂದೇ ವೈರಿನ ಜೋಡಣೆಯಾಗಿ ಬರುತ್ತವೆ, ಕನೆಕ್ಟರಿನ ಆಕಾರ ಬೇರೆಯಾದರೆ ಕೂರುವುದಿಲ್ಲ. ಚೀಟಿಯ ಫೋಟೋ ಇಲ್ಲಿ ಎರಡನೆಯ ಸಲ ಉಪಯೋಗಕ್ಕೆ ಬಂತು. ಗ್ಯಾಸಿನ ಸಾಮಾನನ್ನೂ ಗಾಡಿಗೆ ಹಾಕಿಕೊಂಡೆ. ಕೆಟ್ಟದ್ದು ಗ್ಯಾಸು ಎಂದಲ್ಲ. ಈಗಾಗಲೇ ಯಾರೋ ಅದಕ್ಕೆ ಕೈ ಹಾಕಿದ್ದಾರೆ ಎಂಬ ಕಾರಣಕ್ಕೆ.

ಅಲ್ಲಿ ಪ್ಲಗ್ ಕಿತ್ತು ಫ್ರೀಜರಿನ ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿದೆ. ಹಲಗೆ ಬರಲಿಲ್ಲ, ಒಳಗಿನಿಂದ ಗಡ್ಡೆ ಅದನ್ನು ಹಿಡಿದಿತ್ತು. ಬಿಸಿನೀರಿನ ಪಾತ್ರೆಯನ್ನು ಫ್ರೀಜರಿನೊಳಗಿಟ್ಟು ಬಾಗಿಲು ಹಾಕಿ, ನೀರು ಆರಿದಂತೆ ಬದಲಿಸುತ್ತಾ ಕಾಯಬೇಕು. ಅವಸರಕ್ಕೆ ಬೆಂಕಿಯ ಟಾರ್ಚು ಹಿಡಿಯುವವರನ್ನು ಕಂಡಿದ್ದೇನೆ. ಆರ್-600ಎ ಇರುವ ಫ್ರಿಜ್ಜಿನಲ್ಲಿ ಅದು ಆತ್ಮಹತ್ಯೆಯ ದಾರಿ. ಹಲಗೆ ಸಡಿಲಾದ ಮೇಲೆ ಕಂಡದ್ದು ಇದು: ಕಾಯಿಲಿನ ರೆಕ್ಕೆಗಳ ನಡುವೆ ಬೆಳಕು ತೂರುವಷ್ಟೂ ಸಂದಿಲ್ಲ, ಮೇಲಿನಿಂದ ಕೆಳಗಿನವರೆಗೆ ಬಿಳಿಯ ಒಂದೇ ಹಾಸು, ಫ್ಯಾನಿನ ರೆಕ್ಕೆಯ ತುದಿ ಗಡ್ಡೆಯೊಳಗೆ ಹುದುಗಿದೆ. ಗಡ್ಡೆಯ ಮೇಲೆ ರೆಕ್ಕೆ ಉಜ್ಜಿದ ಅರ್ಧಚಂದ್ರಾಕಾರದ ಗೀರು ಇನ್ನೂ ಉಳಿದಿತ್ತು. ಟರ್ ಟರ್ ಸದ್ದು ಹುಟ್ಟಿದ್ದು ಅಲ್ಲೇ.

ಪೂರ್ತಿ ಕರಗಿಸಿ ಒರೆಸಿದ ಮೇಲೆ ಮೀಟರು ಹಿಡಿದೆ. ಹೀಟರಿನ ರೋಧ ಸುಮಾರು 350 ಓಮ್ ಬಂತು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ನೂರೈವತ್ತು ವ್ಯಾಟಿನ ಹೀಟರು, ಚೀಟಿಯಲ್ಲಿ ಇದ್ದುದೂ ಅದೇ. ಹೀಟರು ಸರಿಯಿದೆ. ಫ್ಯೂಸಿನಲ್ಲಿ ಸಂಪರ್ಕವೇ ಇಲ್ಲ, ಸುಟ್ಟಿದೆ.

ಇಲ್ಲಿಗೇ ನಿಲ್ಲಿಸಿ ಹೊಸ ಫ್ಯೂಸು ಹಾಕಿ ಹೊರಟರೆ ಫ್ರಿಜ್ಜು ನಡೆಯುತ್ತದೆ, ಮನೆಯವರೂ ಖುಷಿಯಾಗುತ್ತಾರೆ. ಆದರೆ ಫ್ಯೂಸು ಸುಡಬೇಕಾದರೆ ಕಾಯಿಲಿನ ಹತ್ತಿರ ಎಪ್ಪತ್ತು ಡಿಗ್ರಿಯ ಮೇಲೆ ಬಿಸಿಯಾಗಿರಬೇಕು. ಬೈಮೆಟಲ್ ಸರಿಯಿದ್ದರೆ ಹತ್ತು ಹನ್ನೆರಡು ಡಿಗ್ರಿ ದಾಟುತ್ತಿದ್ದಂತೆ ಹೀಟರನ್ನು ನಿಲ್ಲಿಸುತ್ತದೆ, ಎಪ್ಪತ್ತರವರೆಗೆ ಹೋಗಲು ಬಿಡುವುದಿಲ್ಲ. ಹಾಗಾಗಿ ಬೈಮೆಟಲನ್ನು ನೋಡಲೇಬೇಕು. ಅದನ್ನು ನೋಡುವುದರಲ್ಲಿ ಹೊಸ ಹುಡುಗರು ಎಡವುತ್ತಾರೆ. ಸರಿಯಿರುವ ಬೈಮೆಟಲ್ ಕೋಣೆಯ ಬಿಸಿಯಲ್ಲಿ ಸಂಪರ್ಕ ತೋರಿಸುವುದಿಲ್ಲ, ಸೊನ್ನೆಗಿಂತ ಕೆಳಗೆ ಚೆನ್ನಾಗಿ ತಣ್ಣಗಾದಾಗ ಮಾತ್ರ ಕೂಡಿಕೊಳ್ಳುತ್ತದೆ. ಟೇಬಲ್ಲಿನ ಮೇಲಿಟ್ಟು ಮೀಟರು ಹಿಡಿದು, ಸಂಪರ್ಕವಿಲ್ಲ, ಕೆಟ್ಟಿದೆ ಎಂದು ಒಳ್ಳೆಯದನ್ನು ಎಸೆಯುವವರಿದ್ದಾರೆ. ಸರಿಯಾಗಿ ನೋಡಬೇಕಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪುಡಿ ಮಾಡಿದ ಐಸಿಗೆ ಉಪ್ಪು ಬೆರೆಸಿ ಅದರಲ್ಲಿ ಅದ್ದಿಡಬೇಕು. ಬರಿಯ ಐಸು ಸೊನ್ನೆಯಲ್ಲೇ ನಿಲ್ಲುತ್ತದೆ, ಸಾಲದು. ಉಪ್ಪು ಬೆರೆತರೆ ಅದು ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ.

ಈ ಮನೆಯಲ್ಲಿ ಉಪ್ಪು ಬೆರೆಸುವಷ್ಟು ದೂರ ಹೋಗಬೇಕಾಗಲಿಲ್ಲ. ಬೈಮೆಟಲಿನ ಬಿಲ್ಲೆಯ ಹಿಂಬದಿ ಉಬ್ಬಿತ್ತು, ಒಳಗೆ ನೀರು ಸೇರಿದಾಗ ಹಾಗಾಗುತ್ತದೆ. ಕೋಣೆಯ ಬಿಸಿಯಲ್ಲಿ ಮೀಟರು ಹಿಡಿದರೆ ತೋರಿಸಬಾರದ ಸಂಪರ್ಕವನ್ನು ತೋರಿಸಿತು. ಅದು ಕೂಡಿಕೊಂಡಲ್ಲೇ ಅಂಟಿಕೊಂಡಿತ್ತು. ಹೀಟರು ಹೊತ್ತಿದಾಗ ನಿಲ್ಲಿಸುವವರಿಲ್ಲದೆ ಉರಿಯುತ್ತಲೇ ಹೋಗಿ, ಕೊನೆಗೆ ಫ್ಯೂಸು ತನ್ನನ್ನೇ ಸುಟ್ಟುಕೊಂಡು ಫ್ರಿಜ್ಜನ್ನು ಕಾಪಾಡಿದೆ. ಅಂದಿನಿಂದ ಮಂಜು ಕರಗಿಲ್ಲ. ಫ್ಯೂಸನ್ನು ಮಾತ್ರ ಬದಲಿಸಿದ್ದರೆ ಕೆಲವೇ ದಿನಗಳಲ್ಲಿ ಅದೂ ಸುಡುತ್ತಿತ್ತು. ಎರಡೂ ಸೇರಿದ ಜೋಡಣೆಯನ್ನು ಹಾಕಿ, ಟೈಮರನ್ನು ಕೈಯಿಂದ ತಿರುಗಿಸಿ ಟಕ್ ಎಂದು ಕರಗಿಸುವ ಹಂತಕ್ಕೆ ಬಂದದ್ದನ್ನೂ, ಕಾಯಿಲ್ ಬೆಚ್ಚಗಿದ್ದಾಗ ಹೀಟರು ಹೊತ್ತದೆ ಇದ್ದುದನ್ನೂ, ಕಾಯಿಲ್ ತಣಿದ ಮೇಲೆ ಹೊತ್ತಿ ತಾನಾಗಿ ನಿಂತದ್ದನ್ನೂ ನೋಡಿದೆ. ಇದಕ್ಕೆ ತಾಳ್ಮೆ ಬೇಕು, ಬೇರೆ ದಾರಿ ಇಲ್ಲ.

ಉಳಿದದ್ದು ಗ್ಯಾಸು. ಬಂದ ಹೊಸದರಲ್ಲಿ ಕಂಪ್ರೆಸರಿಗೆ ವಾಪಸು ಬರುವ ಪೈಪಿನ ಮೇಲೆ ಬಿಳಿ ಮಂಜು ಕೂತಿತ್ತು. ಗ್ಯಾಸು ಹೆಚ್ಚಾದ ಫ್ರಿಜ್ಜಿನ ಗುರುತು ಅದು. ಆದರೆ ಕಾಯಿಲಿನಲ್ಲಿ ಗಾಳಿ ಆಡದಿದ್ದಾಗಲೂ ಗ್ಯಾಸು ಒಳಗೆ ಪೂರ್ತಿ ಆವಿಯಾಗದೆ ಹಾಗೆಯೇ ತಣ್ಣಗೆ ವಾಪಸು ಬರುತ್ತದೆ, ಪೈಪಿನ ಮೇಲೆ ಇದೇ ಮಂಜು ಕೂರುತ್ತದೆ. ಆದ್ದರಿಂದ ಗಡ್ಡೆ ಇರುವಾಗ ಕಂಡ ಗುರುತನ್ನು ನಂಬುವಂತಿಲ್ಲ. ಕರಗಿಸಿ, ಫ್ಯಾನು ತಿರುಗಿಸಿ, ರಾತ್ರಿಯಿಡೀ ಓಡಲು ಬಿಟ್ಟು ಬೆಳಿಗ್ಗೆ ನೋಡಿದೆ. (ಆ ರಾತ್ರಿ ಅಲ್ಲೇ ಉಳಿದೆ, ಪತ್ರೊಡೆ ಸಿಕ್ಕಿತು.) ಪೈಪಿನ ಮೇಲೆ ಮಂಜು ಹಾಗೆಯೇ ಇತ್ತು, ಕಂಪ್ರೆಸರಿನ ಬುಡದವರೆಗೂ ಬಂದಿತ್ತು. ಈಗ ಅದು ಗ್ಯಾಸಿನದೇ ದೋಷ. ತಕ್ಕಡಿ ಇಲ್ಲದೆ ಅಂದಾಜಿನಲ್ಲಿ ತುಂಬಿಸಿದ್ದರು. 48 ಗ್ರಾಂ ಎಂದರೆ ಬಹಳ ಕಡಿಮೆ, ನಾಲ್ಕೈದು ಗ್ರಾಂ ಆಚೀಚೆಯಾದರೂ ಹತ್ತನೇ ಒಂದು ಪಾಲು ವ್ಯತ್ಯಾಸ. ಆರ್-600ಎ ಗ್ಯಾಸನ್ನು ಗೇಜು ನೋಡಿ ಅಂದಾಜಿನಲ್ಲಿ ತುಂಬಿಸುವುದು ಕೆಲಸವಲ್ಲ. ಒಲೆ, ದೀಪ ಎಲ್ಲ ಆರಿಸಿ, ಫ್ರಿಜ್ಜನ್ನು ಜಗಲಿಗೆ ತಂದು, ಇದ್ದುದನ್ನು ಬಯಲಿಗೆ ಬಿಟ್ಟು, ಫಿಲ್ಟರ್ ಬದಲಿಸಿ, ವ್ಯಾಕ್ಯೂಮ್ ಎಳೆದು, ತೂಕ ಹಾಕಿ ತುಂಬಿಸಿದೆ.

ಹೀಗೆ ಕೆಟ್ಟದ್ದು ಒಂದು, ರಿಪೇರಿಯಿಂದ ಸೇರಿದ್ದು ಇನ್ನೊಂದು. ಬೈಮೆಟಲ್ ಜೋಡಣೆಯ ಬೆಲೆ ಕೆಲವೇ ನೂರು ರೂಪಾಯಿ. ಗ್ಯಾಸಿಗೆ ಅವರು ಎರಡು ಸಲ ತೆತ್ತರು, ಒಮ್ಮೆ ಬೇಡದ ಕೆಲಸಕ್ಕೆ, ಒಮ್ಮೆ ಆ ಬೇಡದ ಕೆಲಸವನ್ನು ಸರಿಪಡಿಸಲು. ಹಿಂದಿನ ಕೆಲಸದ ವಿಷಯ ಫೋನಿನಲ್ಲಿ ಹೊರಬರದೆ ಇದ್ದಿದ್ದರೆ ಗ್ಯಾಸಿನ ಸಾಮಾನು ನನ್ನ ಗಾಡಿಯಲ್ಲಿ ಇರುತ್ತಿರಲಿಲ್ಲ, ಹೆಚ್ಚಿದ ಗ್ಯಾಸಿನಲ್ಲೇ ಕಂಪ್ರೆಸರ್ ಓಡುತ್ತಿತ್ತು, ಅದು ಹೋದಾಗ ಯಾರೂ ಕಾರಣ ಹೇಳುತ್ತಿರಲಿಲ್ಲ.

ಹೊರಡುವ ಮೊದಲು ಫ್ರಿಜ್ಜಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದೆ: ಮಾಡೆಲ್ ನಂಬರು, ಏನು ಬದಲಿಸಿದೆ, ತೂಗಿ ತುಂಬಿದ ಗ್ಯಾಸು ಎಷ್ಟು, ತಾರೀಕು. ಮುಂದೆ ಯಾರೇ ಬಂದರೂ ನಾನು ಫೋನಿನಲ್ಲಿ ಕೇಳಿದ ಮೂರರಲ್ಲಿ ಎರಡಕ್ಕೆ ಅಲ್ಲೇ ಉತ್ತರವಿರುತ್ತದೆ. ಹದಿನೈದು ದಿನ ಕಳೆದ ಮೇಲೆ ಹಿಂದಿನ ತಟ್ಟೆ ನೋಡಿ ಫೋನು ಮಾಡಿ ಎಂದು ಯಜಮಾನರಿಗೆ ಹೇಳಿದ್ದೆ. ಎರಡು ವಾರ ಈ ಫ್ರಿಜ್ಜು ಸುಮ್ಮನೆಯೂ ನಡೆದು ತೋರಿಸಿದೆಯಾದ್ದರಿಂದ, ಅದಕ್ಕೆ ಮೊದಲಿನ ಯಾವ "ಚೆನ್ನಾಗಿದೆ"ಯೂ ಲೆಕ್ಕಕ್ಕಿಲ್ಲ. ಅವರು ಹದಿನೇಳನೆಯ ದಿನ ಫೋನು ಮಾಡಿದರು. ತಟ್ಟೆಯಲ್ಲಿ ಎರಡು ಬೆರಳು ನೀರಿದೆ, ಸೊಳ್ಳೆ ಆಗುತ್ತದೆಯೇ ಎಂದು ಕೇಳಿದರು. ವಾರಕ್ಕೊಮ್ಮೆ ಚೆಲ್ಲಿ ಎಂದೆ.